ಪ್ರಾಕ್ಟೀಸಲ್ಲಿ ಹುಲಿ, ಮ್ಯಾಚಲ್ಲಿ ಇಲಿ

ಕಳೆದ ಸೆಮ್‌ನಲ್ಲಿ ಹಾಸ್ಟೆಲ್ ಹಿಂದಿನ ಬ್ಯಾಡ್ಮಿಂಟನ್ ಕೋರ್ಟಲ್ಲಿ ದಿನಾ ಸಂಜೆ ಸಾಲಾಗಿ 30 ಶಾರ್ಟ್ ಸರ್ವ್ ಹೊಡೀತಿದ್ದೆ. ಮೊದಲ ನಾಲ್ಕೈದು ನೆಟ್‌ಗೆ ಹೋಗ್ತಿದ್ವು. ಆಮೇಲೆ ಕೈ ಪಳಗಿ, ಕೊನೆಯ ಹತ್ತರಲ್ಲಿ ಒಂಬತ್ತು ಲೈನ್ ಹತ್ರಾನೇ ಬೀಳ್ತಿದ್ವು. ಡಿಪಾರ್ಟ್‌ಮೆಂಟ್ ಮ್ಯಾಚಲ್ಲಿ ಮಾತ್ರ ಮೊದಲ ಸರ್ವ್ ನೆಟ್‌ಗೆ ಹೋಯ್ತು, ಎರಡನೇದು ಎತ್ತರ ಹೋಗಿ ಸ್ಮ್ಯಾಶ್ ತಿಂತು. ಸೀನಿಯರ್ ಒಬ್ರು ಕೇಳಿದ್ರು: “ಮ್ಯಾಚಲ್ಲಿ ನಿಂಗೆ 30 ಸರ್ವ್ ಸಾಲಾಗಿ ಯಾರೋ ಕೊಡ್ತಾರೆ?”

ವಿಷಯ ಇರೋದೇ ಅಲ್ಲಿ. ಒಂದೇ ಸರ್ವ್ ಮತ್ತೆ ಮತ್ತೆ ಹೊಡೆದಾಗ ಎಷ್ಟು ಜೋರು, ರಾಕೆಟ್ ಯಾವ ಕೋನ ಅನ್ನೋದು ಹಿಂದಿನ ಹೊಡೆತದಿಂದಲೇ ತಲೆಯಲ್ಲಿ ಉಳಿದಿರುತ್ತೆ. ನಾವು ಅದನ್ನ ಚೂರು ತಿದ್ದುತ್ತೇವೆ, ಅಷ್ಟೇ. ಇದು ಬ್ಲಾಕ್ಡ್ ಪ್ರಾಕ್ಟೀಸ್. ಶಾರ್ಟ್ ಆದ ಮೇಲೆ ಲಾಂಗ್, ಆಮೇಲೆ ಡ್ರೈವ್ ಅಂತ ಬೆರೆಸಿದ್ರೆ ಹಿಂದಿನ ಲೆಕ್ಕ ಅಳಿಸಿಹೋಗುತ್ತೆ. ಪ್ರತಿ ಸಲ ನೆನಪಿಂದ ತೆಗೆದು ಹೊಸದಾಗಿ ಕಟ್ಟಬೇಕು. ಅದಕ್ಕೇ ತಪ್ಪು ಜಾಸ್ತಿ, ಸುಸ್ತೂ ಜಾಸ್ತಿ. ಆದ್ರೆ ಮ್ಯಾಚಲ್ಲಿ ಬೇಕಾಗೋದು ಈ ಕಟ್ಟೋ ಕೆಲಸಾನೇ. ಬ್ಲಾಕ್ಡ್‌ನಲ್ಲಿ ಅದರ ಅಭ್ಯಾಸ ಆಗೋದು ಮೊದಲ ಸರ್ವ್‌ಗೆ ಮಾತ್ರ.

1986ರಲ್ಲಿ ಗೂಡ್ ಮತ್ತು ಮ್ಯಾಗಿಲ್ ಅನ್ನೋ ಸಂಶೋಧಕರು ಇದೇ ಮೂರು ಸರ್ವ್‌ಗಳನ್ನ ಹೊಸಬರಿಗೆ ಕಲಿಸಿ ನೋಡಿದ್ರು. ಮೂರು ವಾರ ಪ್ರಾಕ್ಟೀಸ್ ಆದ ಮೇಲೆ ಪರೀಕ್ಷೆ ಮಾಡಿದಾಗ, ಬೆರೆಸಿ ಕಲಿತವರೇ ಮುಂದಿದ್ರು. ಪ್ರಾಕ್ಟೀಸ್ ಮಾಡದ ಇನ್ನೊಂದು ಬದಿಯ ಕೋರ್ಟಿಂದ ಹೊಡೆದಾಗಲೂ ಅಷ್ಟೇ.

ಈಗ ನಾನು ದಿನಕ್ಕೆ 36 ಸರ್ವ್ ಹೊಡೀತೀನಿ, ಮೂರೂ ಹನ್ನೆರಡು ಹನ್ನೆರಡು. ಪ್ರತಿ ಸಲ ಯಾವುದು ಅಂತ ರೂಮ್‌ಮೇಟ್ ಚೀಟಿ ಎತ್ತಿ ಕೂಗ್ತಾನೆ. ಮೊದಲ ವಾರ ಸ್ಕೋರ್ ನೋಡಿ ಬೇಜಾರಾಗಿ ಬಿಟ್ಟೇಬಿಡ್ತಿದ್ದೆ. ಆದ್ರೆ ಆ ದಿನದ ಸ್ಕೋರ್ ನಂಬಬಾರದು, ಅದು ತೋರಿಸೋದು ಆ ಹೊತ್ತಿನ ಕೈಯನ್ನ, ಕಲಿತದ್ದನ್ನಲ್ಲ. ಕಲಿತದ್ದು ಗೊತ್ತಾಗಬೇಕಂದ್ರೆ ಮಾರನೇ ದಿನ ಕೋರ್ಟಿಗೆ ಇಳಿದ ತಕ್ಷಣ, ಒಂದೂ ಟ್ರಯಲ್ ಇಲ್ಲದೆ, ಪ್ರತಿಯೊಂದರಲ್ಲೂ ನಾಲ್ಕು ಹೊಡೆದು ಎಣಿಸಿ. ನಂದು ಎರಡನೇ ವಾರದಲ್ಲಿ ಅಲ್ಲೇ ಏರಿದ್ದು.

ಹಾಗಂತ ಮೊದಲ ದಿನವೇ ಬೆರೆಸಬೇಕು ಅಂತ ನಾನು ಹೇಳಲ್ಲ. ರಾಕೆಟ್ ಹಿಡಿಯೋದೇ ಬರದವರಿಗೆ ಸರ್ವ್‌ನ ಆಕಾರ ಕೂರೋವರೆಗೆ ಒಂದನ್ನೇ ಹೊಡೆಯೋದು ಸರಿ. ಲ್ಯಾಬಲ್ಲಿ ಕಂಡಷ್ಟು ದೊಡ್ಡ ವ್ಯತ್ಯಾಸ ಮೈದಾನದಲ್ಲಿ ಯಾವಾಗಲೂ ಸಿಗಲ್ಲ ಅನ್ನೋದೂ ನಿಜ. ಆದ್ರೆ ಶಟಲ್ ಹತ್ತಕ್ಕೆ ಆರು ಸಲ ನೆಟ್ ದಾಟೋಕೆ ಶುರುವಾದ್ರೆ ಸಾಲು ಮುರೀರಿ. ಸುಲಭ ಅನ್ನಿಸೋ 30 ಸರ್ವ್‌ಗಿಂತ, ಬೈಕೊಂಡು ಹೊಡೆದ 36 ಮ್ಯಾಚ್ ದಿನ ಜೊತೆಗಿರುತ್ತೆ.