ಹೆಸರಿಡುವ ಮುನ್ನ: ಯಲಿಯೂರಿನ ಬೆಲ್ಲದ ವ್ಯಾಪಾರಸ್ಥರಲ್ಲಿ ಒಂದು ಮನವಿ



2023ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯು ಉದ್ಘಾಟನೆಯಾದ ಮೇಲೆ, ಹಳೆಯ ರಸ್ತೆಯಲ್ಲಿ ವಾಹನ ನಿಲ್ಲಿಸಿ ಬೆಲ್ಲವನ್ನೂ ಎಳನೀರನ್ನೂ ವಡೆಯನ್ನೂ ಕೊಳ್ಳುತ್ತಿದ್ದ ಗಿರಾಕಿಗಳು ವಿರಳರಾದುದರಿಂದ, ನಮ್ಮ ಯುವಕರು ಆಲೆಮನೆಯ ಬೆಲ್ಲವನ್ನು ಪೊಟ್ಟಣ ಕಟ್ಟಿ ಅಂತರ್ಜಾಲದ ಮೂಲಕ ದೂರದ ಊರುಗಳಿಗೆ ಮಾರಲು ಯೋಚಿಸುವುದು ಸಹಜವೇ ಆಗಿದೆ. ಆದರೆ ಈ ಉದ್ಯಮವನ್ನು ಆರಂಭಿಸುವ ಕ್ರಮದಲ್ಲಿ ಒಂದು ಅಪಾಯವಿದೆ. ರಾತ್ರಿ ಊಟವಾದ ಮೇಲೆ ಹೆಸರೊಂದು ಹೊಳೆಯುತ್ತದೆ. ಡೊಮೇನ್ ಮಾರುವವರ ಪುಟದಲ್ಲಿ ಅದನ್ನು ಟೈಪಿಸಿದರೆ ‘ಲಭ್ಯವಿದೆ’ ಎಂಬ ಉತ್ತರ ಬರುತ್ತದೆ. ಆ ಗಳಿಗೆಯಲ್ಲೇ ಹಣ ಕಟ್ಟಿ, ಮರುದಿನ ಜಾಲತಾಣ ಮಾಡುವವರಿಗೆ ಮುಂಗಡ ಕೊಟ್ಟು, ಆ ವಾರದೊಳಗೆ ಪೊಟ್ಟಣದ ಮುದ್ರಣಕ್ಕೂ ಹೇಳಿಬಿಡುತ್ತಾರೆ. ‘ಲಭ್ಯವಿದೆ’ ಎಂಬುದರ ಅರ್ಥ, ಅದೇ ಅಕ್ಷರಗಳ ಅದೇ ವಿಳಾಸವನ್ನು ಇನ್ನೊಬ್ಬರು ಕೊಂಡಿಲ್ಲ ಎಂಬಷ್ಟೇ. ಆ ಹೆಸರಿನ ಮೇಲೆ ಬೇರೊಬ್ಬರಿಗೆ ವ್ಯಾಪಾರದ ಹಕ್ಕಿದೆಯೇ ಎಂಬುದನ್ನು ಡೊಮೇನ್ ಮಾರುವವರು ನೋಡುವುದೂ ಇಲ್ಲ, ನೋಡಬೇಕಾದ ಹೊಣೆ ಅವರದೂ ಅಲ್ಲ.

ಇದನ್ನು ಮನಗಾಣಿಸುವ ವ್ಯಾಜ್ಯವೊಂದು ನಮ್ಮ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿಯೇ ಹುಟ್ಟಿತು. ಸತ್ಯಂ ಇನ್ಫೋವೇ ಎಂಬ ಸಂಸ್ಥೆಯು ‘ಸಿಫಿ’ ಎಂಬ ಪದವನ್ನು ತಾನೇ ನಿರ್ಮಿಸಿ, 1999ರಲ್ಲಿ ಆ ಪದವುಳ್ಳ ಡೊಮೇನುಗಳನ್ನು ನೋಂದಾಯಿಸಿಕೊಂಡಿತ್ತು. ಇನ್ನೊಂದು ಸಂಸ್ಥೆಯು 2001ರಿಂದೀಚೆಗೆ siffynet.com, siffynet.net ಎಂಬ ವಿಳಾಸಗಳನ್ನು ಪಡೆದು ವ್ಯವಹರಿಸತೊಡಗಿತು. ಆ ವಿಳಾಸಗಳೂ ಅಂದು ‘ಲಭ್ಯ’ವೇ ಆಗಿದ್ದವು. ಕೆಳಗಿನ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಉಚ್ಚ ನ್ಯಾಯಾಲಯ ಅದನ್ನು ತೆಗೆಯಿತು, ಕಡೆಗೆ 2004ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆಯನ್ನು ಮತ್ತೆ ಊರ್ಜಿತಗೊಳಿಸಿ, ಡೊಮೇನ್ ಎಂಬುದು ಬರಿಯ ವಿಳಾಸವಲ್ಲ, ವ್ಯಾಪಾರದ ಹೆಸರಿನಂತೆಯೇ ರಕ್ಷಣೆಗೆ ಅರ್ಹವಾದದ್ದು ಎಂದು ತೀರ್ಮಾನಿಸಿತು. ತಮ್ಮ ಹೆಸರು ಸ್ಥಾಪಕರ ಹೆಸರುಗಳ ಮೊದಲಕ್ಷರಗಳಿಂದ ಆದದ್ದೆಂಬ ಎದುರು ಪಕ್ಷದ ವಿವರಣೆಯು ಅವರನ್ನು ಉಳಿಸಲಿಲ್ಲ. ಮಗಳ ಹೆಸರು, ಮನೆದೇವರ ಹೆಸರು ಎಂದು ನಾವು ಹೇಳಿಕೊಳ್ಳುವ ಸಮಾಧಾನಗಳಿಗೂ ಇದಕ್ಕಿಂತ ಹೆಚ್ಚಿನ ಬಲವಿಲ್ಲ.

ಇಲ್ಲಿ ಕೆಲವರು ನಂದಿನಿಯ ಮೊಕದ್ದಮೆಯನ್ನು ಎತ್ತಿ ಹೇಳುತ್ತಾರೆ. ಹಾಲು ಮಹಾಮಂಡಲವು 1985ರಿಂದ ಬಳಸುತ್ತ ಬಂದ ನಂದಿನಿ ಎಂಬ ಹೆಸರನ್ನೇ ಹೋಲುವ ನಂದಿನಿ ಡೀಲಕ್ಸ್ ಹೋಟೆಲಿನವರಿಗೆ 2018ರ ಜುಲೈ 26ರಂದು ಸರ್ವೋಚ್ಚ ನ್ಯಾಯಾಲಯವು ನೋಂದಣಿಗೆ ಅವಕಾಶ ಕೊಟ್ಟಿತಲ್ಲ, ಹಾಗಾದರೆ ನಮಗೇಕೆ ಭಯ ಎಂಬುದು ಅವರ ವಾದ. ಈ ತೀರ್ಪನ್ನು ನಿಧಾನವಾಗಿ ಓದಬೇಕು. ಹೋಟೆಲಿನವರು 1989ರಿಂದ ಆ ಹೆಸರಿನಲ್ಲಿ ವ್ಯಾಪಾರ ನಡೆಸಿದ್ದರು. ಎರಡು ಲಾಂಛನಗಳ ರೂಪವೂ ಸರಕೂ ಬೇರೆಯೆಂದು ನ್ಯಾಯಾಲಯಕ್ಕೆ ತೋರಿತು. ಹಾಗಿದ್ದರೂ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಅವರಿಗೆ ಆ ಹೆಸರು ದೊರೆಯಲಿಲ್ಲ. ನೋಂದಣಾಧಿಕಾರಿಗಳ ಮುಂದೆ 2007ರಲ್ಲಿ ಗೆದ್ದವರು, ಮೇಲ್ಮನವಿ ಮಂಡಳಿಯಲ್ಲಿ 2011ರಲ್ಲಿ ಸೋತು, ಉಚ್ಚ ನ್ಯಾಯಾಲಯದಲ್ಲಿ 2014ರಲ್ಲಿ ಮತ್ತೆ ಸೋತು, ಆ ಬಳಿಕ ದೆಹಲಿಯಲ್ಲಿ ಗೆದ್ದರು. ಇಂದು ಹೊಸದಾಗಿ ಬೆಲ್ಲಕ್ಕೆ ಅದೇ ಹೆಸರನ್ನಿಡುವವರಿಗೆ ಮೂರು ದಶಕಗಳ ಪೂರ್ವಬಳಕೆಯಿಲ್ಲ, ಹನ್ನೊಂದು ವರ್ಷ ನ್ಯಾಯಾಲಯಗಳನ್ನು ಅಲೆಯುವ ತ್ರಾಣವೂ ಇಲ್ಲ. ಮೇಲಾಗಿ ಮೈಸೂರುಪಾಕನ್ನೂ ಪೇಡವನ್ನೂ ನಂದಿನಿಯ ಹೆಸರಿನಲ್ಲೇ ಮಾರುತ್ತಿರುವ ಮಹಾಮಂಡಲಕ್ಕೆ ಬೆಲ್ಲವು ದೂರದ ಸರಕಾಗಿ ಕಾಣುವ ಸಂಭವವಿಲ್ಲ.

ಪರೀಕ್ಷಿಸುವ ವಿಧಾನವನ್ನು ಒಂದು ಹೆಸರಿನ ಮೇಲೆಯೇ ಹೇಳುತ್ತೇನೆ. ನಮ್ಮೂರಿನವರಿಗೆ ಮೊದಲು ಹೊಳೆಯುವ ಹೆಸರು ಕಾವೇರಿಯೆಂದಿಟ್ಟುಕೊಳ್ಳೋಣ. ipindia.gov.in ತಾಣದಲ್ಲಿ ವ್ಯಾಪಾರ ಚಿಹ್ನೆಗಳ ಸಾರ್ವಜನಿಕ ಶೋಧವು ಶುಲ್ಕವಿಲ್ಲದೆ ದೊರೆಯುತ್ತದೆ. ಅಲ್ಲಿ Wordmark ಎಂಬುದನ್ನು ಆರಿಸಿ, ಸರಕಿನ ವರ್ಗದ ಸಂಖ್ಯೆಯನ್ನು ಕೊಡಬೇಕು. ಸಕ್ಕರೆ, ಬೆಲ್ಲ, ಸಿಹಿತಿಂಡಿ, ಹಿಟ್ಟುಗಳು 30ನೆಯ ವರ್ಗ. Match With ಎಂಬ ಆಯ್ಕೆಯಲ್ಲಿ ಪೂರ್ಣ ಹೆಸರನ್ನು ಹೊಡೆದು ಏನೂ ಬರಲಿಲ್ಲವೆಂದು ನಿಶ್ಚಿಂತರಾಗುವುದೇ ಎಲ್ಲರೂ ಮೋಸಹೋಗುವ ಸ್ಥಳ. ಕನ್ನಡದ ಒಂದು ಹೆಸರನ್ನು ರೋಮನ್ ಲಿಪಿಯಲ್ಲಿ Kaveri, Kaaveri, Cauvery, Kavery ಎಂದು ನಾನಾ ಬಗೆಯಾಗಿ ಬರೆಯುವುದುಂಟು. ಕಾನೂನು ನೋಡುವುದಾದರೋ ಅಕ್ಷರವನ್ನು ಮಾತ್ರವಲ್ಲ, ಕಿವಿಗೆ ಬೀಳುವ ಧ್ವನಿಯನ್ನೂ ಕೂಡ. ಆದಕಾರಣ Contains ಎಂಬುದನ್ನು ಆರಿಸಿ kaver, kaaver, cauver ಎಂಬ ತುಂಡುಗಳನ್ನು ಒಂದೊಂದಾಗಿ ಹುಡುಕಿ, ತರುವಾಯ Phonetic ಶೋಧವನ್ನೂ ಮಾಡಬೇಕು. ಆದರೆ ಕನ್ನಡದ ಉಚ್ಚಾರಣೆಗೆ ಅದೊಂದನ್ನೇ ನಂಬಿ ಕೂರಬಾರದು. ಇದೇ ಹುಡುಕಾಟವನ್ನು ಕಬ್ಬಿನ ಹಾಲಿನಂಥ ಪಾನೀಯಗಳ 32ನೆಯ ವರ್ಗದಲ್ಲಿಯೂ, ಅಂಗಡಿ ಮತ್ತು ಅಂತರ್ಜಾಲ ಮಾರಾಟದ 35ನೆಯ ವರ್ಗದಲ್ಲಿಯೂ ಮಾಡತಕ್ಕದ್ದು.

ಸಿಕ್ಕ ಪ್ರತಿಯೊಂದು ದಾಖಲೆಯನ್ನೂ ತೆರೆದು, ಸರಕು ಯಾವುದು, ಯಾವ ದಿನದಿಂದ ಬಳಕೆಯಲ್ಲಿದೆ, ಈಗಿನ ಸ್ಥಿತಿಯೇನು ಎಂಬ ಮೂರನ್ನು ನೋಡಬೇಕು. Registered ಎಂದಿದ್ದರೆ ಮಾತೇ ಮುಗಿಯಿತು. Objected, Opposed ಎಂದಿದ್ದರೆ ವಿಚಾರ ಇನ್ನೂ ನಡೆಯುತ್ತಿದೆ. Abandoned ಎಂದಿದ್ದರೆ ಅರ್ಜಿಯನ್ನು ಕೈಬಿಡಲಾಗಿದೆ; ಅಷ್ಟರಿಂದಲೇ ವ್ಯಾಪಾರವನ್ನೂ ಬಿಟ್ಟಿದ್ದಾರೆಂದು ತಿಳಿಯಲಾಗದು. ನೋಂದಣಿಯಿಲ್ಲದೆಯೂ ಮೊದಲಿನಿಂದ ಬಳಸಿದವರಿಗೆ ನಮ್ಮ ಕಾನೂನಿನಲ್ಲಿ ಹಕ್ಕಿರುವುದರಿಂದ, ಸರ್ಕಾರದ ದಾಖಲೆಯಲ್ಲಿ ಕಾಣದವರನ್ನೂ ಹುಡುಕಬೇಕು: ಅಂತರ್ಜಾಲದ ಅಂಗಡಿಗಳಲ್ಲಿ, ಮಂಡ್ಯದ ದಿನಸಿ ಮಳಿಗೆಗಳ ಕಪಾಟುಗಳಲ್ಲಿ, mca.gov.in ತಾಣದ ಕಂಪನಿ ಹೆಸರುಗಳಲ್ಲಿ.

ಕಾವೇರಿಯ ಗತಿ ಏನಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಕರಕುಶಲ ವಸ್ತುಗಳ ಸರ್ಕಾರಿ ಮಳಿಗೆಯೂ ಆ ಹೆಸರಿನದು, ಬಿತ್ತನೆಬೀಜದ ದೊಡ್ಡ ಕಂಪನಿಯೂ ಆ ಹೆಸರಿನದು. ಅಂಥ ಹೆಸರು ಇಂದು ವ್ಯಾಜ್ಯಕ್ಕೆ ಸಿಕ್ಕದೆ ಉಳಿದರೂ, ನಾಳೆ ಇನ್ನೊಬ್ಬನು ಅದನ್ನೇ ಇಟ್ಟುಕೊಂಡಾಗ ಅವನನ್ನು ತಡೆಯುವ ಶಕ್ತಿ ನಮಗೆ ಬಾರದು. ಊರಿನ ಹೆಸರನ್ನು ಮಾತ್ರ ಇಟ್ಟರೂ ಇದೇ ತೊಡಕು. ಸರಕು ಹುಟ್ಟಿದ ಸ್ಥಳವನ್ನಷ್ಟೇ ಹೇಳುವ ಪದವನ್ನು ಒಬ್ಬರ ಸ್ವತ್ತಾಗಿ ನೋಂದಾಯಿಸಲು 1999ರ ಕಾಯಿದೆಯು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೆಲ್ಲಕ್ಕೆ ನೇರ ಸಂಬಂಧವಿಲ್ಲದ, ಅಪರೂಪದ, ನಾವೇ ಕಟ್ಟಿದ ಪದವೇ ಲೇಸೆಂದು ನನ್ನ ದೃಢವಾದ ಅಭಿಪ್ರಾಯ.

ಹುಡುಕುತ್ತ ಕುಳಿತರೆ ಡೊಮೇನು ಕೈತಪ್ಪೀತೆಂಬ ಆತಂಕ ನ್ಯಾಯವಾದದ್ದೇ. ಆದರೆ ಈ ಪರೀಕ್ಷೆಗೆ ಎರಡು ದಿನ ಸಾಕು, ಮತ್ತು ಡೊಮೇನಿನ ಬೆಲೆಯು ಈ ಲೆಕ್ಕದಲ್ಲಿ ಅತ್ಯಲ್ಪ. ನಷ್ಟವಾಗುವುದು ಬೇರೆ: ಅಚ್ಚಾದ ಪೊಟ್ಟಣಗಳು, ಹೆಸರು ಬಿದ್ದ ಪರವಾನಗಿಗಳು, ಕಟ್ಟಿದ ಜಾಲತಾಣ, ಆ ಹೆಸರನ್ನು ನೆನಪಿಟ್ಟ ಗಿರಾಕಿಗಳು. .in ವಿಳಾಸವಾದರೆ ಹಕ್ಕುದಾರರಿಗೆ ನ್ಯಾಯಾಲಯಕ್ಕೂ ಹೋಗದೆ, ಆ ವಿಳಾಸಗಳಿಗೆಂದೇ ಇರುವ ಮಧ್ಯಸ್ಥಿಕೆಯ ಮೂಲಕ, ದುರುದ್ದೇಶವನ್ನು ಸಾಬೀತುಪಡಿಸಿ ಆ ವಿಳಾಸವನ್ನು ರದ್ದುಗೊಳಿಸಲೂ ತಮಗೇ ವರ್ಗಾಯಿಸಿಕೊಳ್ಳಲೂ ಸಾಧ್ಯ.

ಆದುದರಿಂದ ನನ್ನ ಪ್ರಾರ್ಥನೆ ಇಷ್ಟು. ಒಂದು ಹೆಸರಿಗೇ ಮನಸ್ಸನ್ನು ಕೊಡದೆ ಮೂರು ಹೆಸರುಗಳನ್ನು ಬರೆದಿಟ್ಟುಕೊಳ್ಳಿರಿ. ಮೂರನ್ನೂ ಮೇಲೆ ಹೇಳಿದಂತೆ ಶೋಧಿಸಿರಿ. ಉಳಿದ ಹೆಸರನ್ನು ಈ ವಿಷಯ ಬಲ್ಲ ವಕೀಲರೊಬ್ಬರಿಗೆ ತೋರಿಸಿ, ಡೊಮೇನನ್ನು ಕೊಂಡ ದಿನವೇ ಚಿಹ್ನೆಯ ಅರ್ಜಿಯನ್ನೂ ಹಾಕಿರಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಒಂದು ವರ್ಗಕ್ಕೆ ಆನ್‌ಲೈನ್ ಶುಲ್ಕ 4,500 ರೂಪಾಯಿ. ಪೊಟ್ಟಣವನ್ನು ಅಚ್ಚಿಗೆ ಕೊಡುವುದು, ದಯವಿಟ್ಟು, ಇಷ್ಟೆಲ್ಲ ಆದ ಮೇಲೆ.