ಎರಡು ದಿನ ಆರಾಮ, ಮತ್ತೆ ಅದೇ ತುರಿಕೆ

ಜೂನ್‌ನಲ್ಲಿ ಮೊದಲ ಮಳೆ ಬಿದ್ದು ಸೆಕೆ ಜಿಗುಟಾಗಲು ಶುರುವಾದರೆ ಹೊಸಪೇಟೆಯ ನನ್ನ ಕ್ಲಿನಿಕ್‌ನಲ್ಲಿ ಒಂದು ಬದಲಾವಣೆ ಕಾಣುತ್ತದೆ. ರೋಗಿ ಒಳಗೆ ಬಂದು ಕೂರುತ್ತಾನೆ, ಜ್ವರ ಅಂತಲೋ ಹೊಟ್ಟೆನೋವು ಅಂತಲೋ ಮಾತು ಶುರು ಮಾಡುತ್ತಾನೆ, ಹಿಂದೆ ನಿಂತವರು ಹೊರಗೆ ಹೋಗುವವರೆಗೆ ಕಾಯುತ್ತಾನೆ. ಆಮೇಲೆ ದನಿ ತಗ್ಗಿಸಿ, "ಡಾಕ್ಟ್ರೇ, ತೊಡೆಸಂದಿನಾಗೆ ಹುಳುಕಡ್ಡಿ ಐತ್ರಿ" ಅನ್ನುತ್ತಾನೆ. ಜೇಬಿನಿಂದ ಅರ್ಧ ಖಾಲಿಯಾದ ಒಂದು ಟ್ಯೂಬ್ ಹೊರಬರುತ್ತದೆ. ಈ ಸಲದ ಅಂಕಣ ಆ ಟ್ಯೂಬಿನ ಬಗ್ಗೆ.

ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು ಸುಡುತ್ತದೆ, ಆದರೆ ಗಾಳಿ ಒಣ. ಬೆವರು ಬಂದ ಹಾಗೆಯೇ ಆರಿಹೋಗುತ್ತದೆ. ಮಳೆಗಾಲದಲ್ಲಿ ಹಾಗಲ್ಲ. ಕಂಪ್ಲಿ ಕಡೆಯ ಗದ್ದೆಯಲ್ಲಿ ನಾಟಿ ಮಾಡುವವರ ಸೀರೆ, ಪಂಚೆ ಇಡೀ ದಿನ ಒದ್ದೆ. ಸಂಡೂರಿನ ಗಣಿಯಲ್ಲಿ ದಪ್ಪ ಸಮವಸ್ತ್ರ. ಹಂಪಿಯಲ್ಲಿ ಪ್ರವಾಸಿಗರನ್ನು ಸುತ್ತಿಸುವ ಹುಡುಗರಿಗೆ ಬಿಗಿ ಜೀನ್ಸ್, ಬೆನ್ನಿಗೆ ಬ್ಯಾಗು, ಕಂಕುಳಲ್ಲಿ ಬೆವರು. ಇವರೆಲ್ಲರ ತೊಡೆಸಂದು, ಕಂಕುಳು ಗಂಟೆಗಟ್ಟಲೆ ಒದ್ದೆಯಾಗಿಯೇ ಇರುತ್ತವೆ. ಚರ್ಮದ ಮೇಲ್ಪದರದ ಕೆರಟಿನ್ ಎಂಬ ಪ್ರೋಟೀನನ್ನು ತಿಂದು ಬದುಕುವ ಫಂಗಸ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಹುಳುಕಡ್ಡಿಗೆ ಅಥವಾ ಗಜಕರ್ಣಕ್ಕೆ ಹುಳು ಕಾರಣ ಅಲ್ಲ, ಈ ಫಂಗಸ್ ಕಾರಣ. ಗುರುತು ಹಿಡಿಯಲು ಅಂಚನ್ನು ನೋಡಿ. ಬಳೆಯ ಹಾಗೆ ದುಂಡಗೆ ಹರಡುತ್ತದೆ, ಅಂಚು ಕೆಂಪಗೆ ಉಬ್ಬಿ ಹೊಟ್ಟು ಏಳುತ್ತದೆ, ನಡುವಿನ ಚರ್ಮ ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಗಂಡಸರಲ್ಲಿ ತೊಡೆಯ ಮೇಲೆ ಹರಡಿದರೂ ವೃಷಣದ ಚೀಲವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಸಂದಿಯಲ್ಲೇ ಹಸಿಹಸಿ ಕೆಂಪಾಗಿ, ಸುತ್ತ ಸಣ್ಣ ಸಣ್ಣ ಗುಳ್ಳೆಗಳಿದ್ದರೆ ಅದು ಕ್ಯಾಂಡಿಡಾ ಎಂಬ ಯೀಸ್ಟ್ ಇರಬಹುದು. ಮಧುಮೇಹ ಇರುವವರಲ್ಲಿ ಇದು ಹೆಚ್ಚು. ಕಂಕುಳಲ್ಲಿ ಮಾತ್ರ, ಎರಡೂ ಕಡೆ, ಡಿಯೋಡರೆಂಟ್ ಹಚ್ಚುವ ಜಾಗದಲ್ಲೇ ಉರಿ, ತುರಿಕೆ ಇದ್ದು ಅಂಚು ಕಾಣದಿದ್ದರೆ ಮೊದಲು ಆ ಡಿಯೋಡರೆಂಟ್ ಬಿಟ್ಟು ನೋಡಿ. ಅದು ಅಲರ್ಜಿ ಇರಬಹುದು.

ಈಗ ಟ್ಯೂಬಿಗೆ ಬರೋಣ. ಅಂಗಡಿಯಲ್ಲಿ "ತುರಿಕೆಗೆ ಒಂದು ಕ್ರೀಮ್ ಕೊಡಿ" ಅಂದರೆ ಎಷ್ಟೋ ಸಲ ಸಿಗುವುದು ಮಿಶ್ರಣದ ಕ್ರೀಮು. ಅದರಲ್ಲಿ ಫಂಗಸ್ ಕೊಲ್ಲುವ ಒಂದು ಔಷಧಿ, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಒಂದು ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಹಚ್ಚಿದ ಮಾರನೇ ದಿನವೇ ತುರಿಕೆ ನಿಲ್ಲುತ್ತದೆ. ಯಾಕೆ ಅಂದರೆ, ತುರಿಕೆ, ಕೆಂಪು, ಊತ ಎಲ್ಲ ಬರುವುದು ಫಂಗಸ್ ವಿರುದ್ಧ ನಮ್ಮ ಮೈ ಮಾಡುವ ಹೋರಾಟದಿಂದ. ಸ್ಟೀರಾಯ್ಡ್ ಆ ಹೋರಾಟವನ್ನೇ ಮಲಗಿಸುತ್ತದೆ. ಕಾವಲುಗಾರ ಮಲಗಿದ ಮನೆಯಲ್ಲಿ ಕಳ್ಳ ಆರಾಮಾಗಿ ಓಡಾಡುವ ಹಾಗೆ ಫಂಗಸ್ ಹರಡುತ್ತದೆ. ಕ್ರೀಮ್ ನಿಲ್ಲಿಸಿದ ಮೂರು ನಾಲ್ಕು ದಿನಕ್ಕೆ ಮೊದಲಿಗಿಂತ ಜೋರಾಗಿ ತುರಿಕೆ. ಮತ್ತೆ ಅದೇ ಟ್ಯೂಬ್.

ಕಳೆದ ವರ್ಷ ಬಂದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ. ವಯಸ್ಸು ಇಪ್ಪತ್ತೆಂಟು, ಮನೆ ಹೊಸಪೇಟೆ, ಕೆಲಸ ತೋರಣಗಲ್ಲಿನ ಕಡೆ ಪಾಳಿಯಲ್ಲಿ. ಜೂನ್‌ನಲ್ಲಿ ಬಲ ತೊಡೆಸಂದಿನಲ್ಲಿ ರೂಪಾಯಿ ನಾಣ್ಯದಷ್ಟು ಒಂದು ಬಳೆ. ಗೆಳೆಯ ಹೇಳಿದ ಕ್ರೀಮ್ ಹಚ್ಚಿದ. ಅಕ್ಟೋಬರ್‌ನಲ್ಲಿ ನನ್ನ ಹತ್ತಿರ ಬರುವ ಹೊತ್ತಿಗೆ ಆರು ಟ್ಯೂಬ್ ಮುಗಿದಿದ್ದವು. ಅಷ್ಟರಲ್ಲಿ ಅದು ಎರಡೂ ತೊಡೆ, ಪೃಷ್ಠ, ಎಡ ಕಂಕುಳು ಎಲ್ಲಕ್ಕೂ ಹರಡಿ, ಸೊಂಟದ ಉಡುದಾರದ ಕೆಳಗೆ ಸುತ್ತಲೂ ಪಟ್ಟಿ ಕಟ್ಟಿತ್ತು. ಬಳೆಯ ಅಂಚು ಮಸುಕಾಗಿ ಒಂದರೊಳಗೊಂದು ಉಂಗುರದ ಹಾಗೆ ಕಾಣುತ್ತಿತ್ತು. ತೊಡೆಸಂದಿನಲ್ಲಿ ಬಸುರಿಯರ ಹೊಟ್ಟೆಯ ಮೇಲೆ ಬೀಳುವಂಥ ಗೀರುಗಳು. ತೊಡೆಸಂದಿನ ಚರ್ಮ ತೆಳು, ಸ್ಟೀರಾಯ್ಡನ್ನು ಬೇರೆ ಕಡೆಗಿಂತ ಹೆಚ್ಚು ಹೀರುತ್ತದೆ. ಈ ಗೀರುಗಳು ಬಣ್ಣ ಮಾಸಬಹುದೇ ಹೊರತು ಪೂರ್ತಿ ಹೋಗುವುದಿಲ್ಲ.

ಅಂಚಿನ ಹೊಟ್ಟನ್ನು ಬ್ಲೇಡಿನ ಮೊಂಡು ಬದಿಯಿಂದ ಕೆರೆದು, ಗಾಜಿನ ಪಟ್ಟಿಯ ಮೇಲೆ ಇಟ್ಟು, ಒಂದು ಹನಿ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿದೆ. ಅರ್ಧ ಗಂಟೆಯೂ ಬೇಡ, ನೋವಿಲ್ಲ. ದಾರದ ಹಾಗೆ ಕವಲೊಡೆದ ಫಂಗಸ್ ಕಂಡಿತು. ಸ್ಟೀರಾಯ್ಡ್‌ನಿಂದ ರೂಪ ಕೆಟ್ಟ ಹುಳುಕಡ್ಡಿಯನ್ನು ಕಣ್ಣಳತೆಯಲ್ಲಿ ಎಕ್ಸಿಮಾ ಅಂದುಕೊಳ್ಳುವ ಸಾಧ್ಯತೆ ಇರುವುದರಿಂದ ಈ ಸಣ್ಣ ಪರೀಕ್ಷೆ ಬೇಕು. ಸಕ್ಕರೆ, ಲಿವರ್ ಪರೀಕ್ಷೆಯೂ ಆಯಿತು. ಎರಡೂ ಸರಿಯಿದ್ದವು.

ಇಷ್ಟು ಹರಡಿದ್ದಕ್ಕೆ ಕ್ರೀಮ್ ಒಂದೇ ಸಾಲದು. ಇಟ್ರಕೊನಜೋಲ್ 100 ಮಿಲಿಗ್ರಾಂ ಕ್ಯಾಪ್ಸೂಲ್, ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ ತಕ್ಷಣ ಅಂತ ಬರೆದೆ. ಈ ಕ್ಯಾಪ್ಸೂಲ್ ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಊಟವೂ ಆಮ್ಲವೂ ಇರಬೇಕು. ಅವನು ರಾತ್ರಿ ಪಾಳಿಯ ಆಸಿಡಿಟಿಗೆ ದಿನಾ ಒಂದು ಪ್ಯಾಂಟೊಪ್ರಜೋಲ್ ಮಾತ್ರೆ ನುಂಗುತ್ತಿದ್ದ. ಅದು ಆಮ್ಲ ಕಡಿಮೆ ಮಾಡಿ ಇದರ ಕೆಲಸ ಕೆಡಿಸುತ್ತದೆ, ಹಾಗಾಗಿ ನಿಲ್ಲಿಸಿದೆ. ಹೃದಯ ದುರ್ಬಲ ಇರುವವರಿಗೆ, ಬಸುರಿಯರಿಗೆ, ಕೆಲವು ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುವವರಿಗೆ ಇಟ್ರಕೊನಜೋಲ್ ಆಗುವುದಿಲ್ಲ. ಆದ್ದರಿಂದ ಈ ಹೆಸರು ಓದಿ ನೀವೇ ಅಂಗಡಿಗೆ ಹೋಗಬೇಡಿ.

ಮೊದಲೆಲ್ಲ ಟರ್ಬಿನಾಫಿನ್ ಎಂಬ ಮಾತ್ರೆ ಕೆಲವೇ ವಾರದಲ್ಲಿ ಕೆಲಸ ಮುಗಿಸುತ್ತಿತ್ತು. ಈಗ ನಮ್ಮ ದೇಶದಲ್ಲಿ ಹಬ್ಬಿರುವ ಫಂಗಸ್ ಬೇರೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟರು, ಹೆಸರಿನಲ್ಲೇ ಇಂಡಿಯಾ ಇದೆ. ಟರ್ಬಿನಾಫಿನ್ ಹೊಡೆಯುವುದು ಫಂಗಸ್‌ನ ಒಂದು ಕಿಣ್ವಕ್ಕೆ. ಈ ಜಾತಿಯ ಅನೇಕ ತಳಿಗಳಲ್ಲಿ ಆ ಕಿಣ್ವದ ಆಕಾರವೇ ಬದಲಾಗಿದೆ, ಏಟು ತಾಗುವುದಿಲ್ಲ. 2023ರಲ್ಲಿ ನ್ಯೂಯಾರ್ಕ್‌ನಲ್ಲೂ ಇದೇ ಫಂಗಸ್ ಕಂಡಾಗ ಅಮೆರಿಕದ ಆರೋಗ್ಯ ಇಲಾಖೆಯವರು ಎಚ್ಚರಿಕೆ ಕೊಟ್ಟರು. ಸ್ಟೀರಾಯ್ಡ್ ಮಿಶ್ರಣಗಳನ್ನು ಬೇಕಾಬಿಟ್ಟಿ ಹಚ್ಚಿದ್ದು, ಅರ್ಧಕ್ಕೆ ಬಿಟ್ಟ ಚಿಕಿತ್ಸೆ, ಇವು ಈ ಫಂಗಸ್ ಹಬ್ಬಲು ಸಹಾಯ ಮಾಡಿವೆ ಎಂಬುದು ಚರ್ಮರೋಗ ತಜ್ಞರ ಅಭಿಪ್ರಾಯ.

ಮೈಗೆ ಹಚ್ಚಲು ಸ್ಟೀರಾಯ್ಡ್ ಇಲ್ಲದ ಕೀಟೊಕೊನಜೋಲ್ ಕ್ರೀಮ್ ಕೊಟ್ಟೆ. ಹಚ್ಚುವುದಕ್ಕೂ ಒಂದು ಕ್ರಮ ಇದೆ. ಬಳೆಯ ಹೊರಗಿನಿಂದ ಒಳಕ್ಕೆ ಹಚ್ಚಿ, ಅಂಚು ದಾಟಿ ಎರಡು ಸೆಂಟಿಮೀಟರ್ ಆಚೆಗೂ ಸವರಬೇಕು, ಯಾಕೆಂದರೆ ಫಂಗಸ್ ಕಣ್ಣಿಗೆ ಕಾಣುವ ಗೆರೆಗಿಂತ ಮುಂದೆ ಹೋಗಿರುತ್ತದೆ. ತೋರುಬೆರಳಿನ ಕೊನೇ ಗೆಣ್ಣಿನುದ್ದ ಕ್ರೀಮ್ ಹಿಂಡಿದರೆ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು.

ಸ್ಟೀರಾಯ್ಡ್ ನಿಲ್ಲಿಸಿದ ಮೊದಲ ವಾರ ತುರಿಕೆ ಜಾಸ್ತಿ ಆಗುತ್ತದೆ ಅಂತ ಮೊದಲೇ ಹೇಳಿದ್ದೆ. ಹಾಗೇ ಆಯಿತು. ಐದನೇ ದಿನ ಫೋನ್ ಬಂತು, "ಡಾಕ್ಟ್ರೇ, ಹಳೇದೇ ಚಲೋ ಇತ್ತಲ್ರಿ?" ರಾತ್ರಿಗೆ ಒಂದು ಸೆಟಿರಿಝಿನ್ ಮಾತ್ರೆ ಸೇರಿಸಿ ತಡೆದುಕೊಳ್ಳಲು ಹೇಳಿದೆ. ಎರಡನೇ ವಾರದ ಕೊನೆಗೆ ನಿದ್ದೆ ಬಂತು. ನಾಲ್ಕನೇ ವಾರ ತುರಿಕೆ ಪೂರ್ತಿ ಹೋಗಿತ್ತು, ಅವನು ಮಾತ್ರೆ ಬಿಡಲು ತಯಾರಾಗಿದ್ದ. ಆದರೆ ಸೊಂಟದ ಹತ್ತಿರ ಅಂಚು ಇನ್ನೂ ಬೆರಳಿಗೆ ತಟ್ಟುತ್ತಿತ್ತು. ಹೆಚ್ಚಿನವರ ಚಿಕಿತ್ಸೆ ಸೋಲುವುದು ಈ ಹಂತದಲ್ಲೇ. ತುರಿಕೆ ನಿಂತರೂ ಫಂಗಸ್ ಉಳಿದಿರುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಉಬ್ಬು, ಹೊಟ್ಟು ಏನೂ ಸಿಗಬಾರದು. ಕಂದು ಕಲೆ ಉಳಿದಿದ್ದರೆ ಅದು ಕಾಯಿಲೆಯಲ್ಲ, ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ, ಅದಕ್ಕೆ ಬಿಳುಪಿನ ಕ್ರೀಮ್ ಹಚ್ಚಬೇಡಿ. ಅವನಿಗೆ ಮಾತ್ರೆ ಎಂಟು ವಾರ ನಡೆಯಿತು, ಕ್ರೀಮ್ ಅದಾದ ಮೇಲೂ ಎರಡು ವಾರ.

ಅಷ್ಟರಲ್ಲಿ ಅವನ ಹೆಂಡತಿಯ ಕಂಕುಳಲ್ಲೂ ಎರಡು ಬಳೆ ಇದ್ದದ್ದು ಗೊತ್ತಾಯಿತು. ಆಕೆ ನಾಚಿಕೆಗೆ ಹೇಳಿರಲಿಲ್ಲ, ಗಂಡನ ಕ್ಯಾಪ್ಸೂಲನ್ನೇ ಒಂದೊಂದು ತಗೊಳ್ಳಲೇ ಅಂತ ಕೇಳಿದಳು. ಮಗುವಿಗೆ ಹಾಲು ಕುಡಿಸುತ್ತಿದ್ದಳು, ಹಾಗಾಗಿ ಬೇಡ ಅಂದೆ. ಸ್ವಲ್ಪವೇ ಇದ್ದುದರಿಂದ ಕ್ರೀಮಿನಲ್ಲೇ ವಾಸಿಯಾಯಿತು. ಮನೆಯಲ್ಲಿ ಒಬ್ಬರಿಗೆ ಇದ್ದರೆ ಎಲ್ಲರ ಮೈ ನೋಡಬೇಕು, ಇದ್ದವರಿಗೆಲ್ಲ ಒಟ್ಟಿಗೇ ಚಿಕಿತ್ಸೆ ಆಗಬೇಕು. ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಉಡುದಾರದ ಬಗ್ಗೆ ಸ್ವಲ್ಪ ಜಗ್ಗಾಡಬೇಕಾಯಿತು. ಬೆವರು ಹೀರಿದ ನೂಲು ಇಪ್ಪತ್ನಾಲ್ಕು ಗಂಟೆ ಸೊಂಟಕ್ಕೆ ಅಂಟಿಕೊಂಡಿರುತ್ತದೆ, ಉದುರಿದ ಹೊಟ್ಟು ಅದರಲ್ಲೇ ಕೂತಿರುತ್ತದೆ. ಅವರವ್ವ ಒಪ್ಪಲಿಲ್ಲ. ಕೊನೆಗೆ ನೂಲಿನದು ತೆಗೆದು ಬೆಳ್ಳಿಯದು ಹಾಕಿಸಿದರು, ದಿನಾ ತೊಳೆದು ಒರೆಸಬಹುದಲ್ಲ. ಟವೆಲ್, ಒಳಉಡುಪು ಪ್ರತಿಯೊಬ್ಬರಿಗೆ ಬೇರೆ, ಬಿಸಿನೀರಲ್ಲಿ ಒಗೆದು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು. ಬಿಸಿಲಿಲ್ಲದ ದಿನ ಇಸ್ತ್ರಿ ಮಾಡಿ, ಹೊಲಿಗೆಯ ಜಾಗದಲ್ಲಿ ಒತ್ತಿ. ಸ್ನಾನ ಆದಮೇಲೆ ಸಂದುಗಳನ್ನು ಪೂರ್ತಿ ಒರೆಸಿಯೇ ಬಟ್ಟೆ ಹಾಕಿಕೊಳ್ಳಿ. ಡೆಟಾಲ್, ನಿಂಬೆಹಣ್ಣು, ಗಟ್ಟಿ ಬ್ರಷ್ ಯಾವುದೂ ಬೇಡ, ಚರ್ಮ ಗಾಯವಾಗಿ ಫಂಗಸ್‌ಗೆ ದಾರಿ ಸಲೀಸಾಗುತ್ತದೆ.

2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೌಂಟರಿನಲ್ಲಿ ಕೇಳಿದರೆ ಸಿಗುತ್ತದೆ. ಹಾಗಾಗಿ ಓದಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಟ್ಯೂಬಿನ ಮೇಲೆ ದೊಡ್ಡದಾಗಿರುವ ಕಂಪನಿಯ ಹೆಸರು ಬಿಟ್ಟು ಕೆಳಗಿನ ಸಣ್ಣ ಅಕ್ಷರ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಈ ನಾಲ್ಕರಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್, ಹುಳುಕಡ್ಡಿಗೆ ಹಚ್ಚಬೇಡಿ. ಓದಲು ಕಷ್ಟವಾದರೆ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಈಗಾಗಲೇ ಹಚ್ಚಿದ್ದರೆ ಟ್ಯೂಬನ್ನು ಬಚ್ಚಿಡದೆ ಡಾಕ್ಟರ ಹತ್ತಿರ ತಗೊಂಡು ಹೋಗಿ. ನಾನು ಮೊದಲು ಕೇಳುವುದೂ ಅದನ್ನೇ.