ಕಿಕಾಫ್ ಭಾಷಣದಲ್ಲಿ 'ನಾವೆಲ್ಲ ಒಂದೇ ಫ್ಯಾಮಿಲಿ' ಬೇಡ (ಆಫೀಸು ಪುರಾಣ, ಭಾಗ 6)

ಹೊಸ ಪ್ರಾಜೆಕ್ಟ್ ಶುರುವಾಗೋ ದಿನ ಮ್ಯಾನೇಜರ್ ಎದ್ದು ನಿಂತು ಸ್ವಾಗತ ಕೋರ್ತಾರಲ್ಲ, ಆ ಹತ್ತು ನಿಮಿಷದ ಬಗ್ಗೆ ಇವತ್ತು. ನನ್ನ ಅಭಿಪ್ರಾಯ ನೇರ: ಅಲ್ಲಿ ಹುರುಪು ತುಂಬೋ ಮಾತು ಯಾರಿಗೂ ಬೇಕಿಲ್ಲ. ಬೇಕಿರೋದು ಎರಡು ವಿಷಯ. ಯಾರ ಸಮಯ ನಿಜಕ್ಕೂ ಎಷ್ಟು ಸಿಗುತ್ತೆ? ಜಗಳ ಬಂದಾಗ ಯಾರ ಮಾತು ನಡೆಯುತ್ತೆ?

ಯಾಕಂದ್ರೆ ಬೇರೆ ಬೇರೆ ವಿಭಾಗದಿಂದ ಬಂದವರ ತಂಡ ಅಂದ್ರೆ ಎರವಲು ತಂದವರ ತಂಡ. ಡೆವಲಪರ್, ಟೆಸ್ಟರ್, ಡಿಸೈನರ್, ಅಕೌಂಟ್ಸ್‌ನವರು, ಕಸ್ಟಮರ್ ಸಪೋರ್ಟ್‌ನವರು, ಪ್ರತಿಯೊಬ್ಬರಿಗೂ ಅವರದೇ ಬಾಸ್ ಇದ್ದಾರೆ. ಅಪ್ರೈಸಲ್ ಬರೆಯೋದು ಆ ಬಾಸ್, ಈ ಮ್ಯಾನೇಜರ್ ಅಲ್ಲ. ಇದು ರೂಮಿನಲ್ಲಿ ಕೂತ ಎಲ್ಲರಿಗೂ ಗೊತ್ತು. ಹಾಗಿದ್ದೂ 'ಫ್ಯಾಮಿಲಿ' ಅಂದ್ರೆ ಒಳಗೊಳಗೇ ನಗ್ತಾರೆ, ಅಷ್ಟೆ.

ಒಂದು ಉದಾಹರಣೆ ತಗೊಳ್ಳಿ. ಆನ್‌ಲೈನ್ ಅಂಗಡಿಯೊಂದರ ಆಪ್‌ನಲ್ಲಿ ರೀಫಂಡ್ ಸೌಲಭ್ಯ ಕಟ್ಟಬೇಕು, ಆರು ವಾರ ಟೈಮು. ಟೆಸ್ಟರ್ ಅರ್ಧ ಸಮಯ ಕೊಡ್ತಾರೆ ಅಂತ ಒಪ್ಪಂದ. ಕಾಗದದ ಮೇಲೆ ಲೆಕ್ಕ ಸುಲಭ: 30 ಕೆಲಸದ ದಿನ, ಅದರಲ್ಲಿ ಅರ್ಧ, 15 ದಿನ. ಆದರೆ ಡೆವಲಪರ್ ಕೆಲಸ ಮುಗಿಸಿ ಟೆಸ್ಟರ್ ಕೈಗೆ ಕೊಡೋದು ನಾಲ್ಕನೇ ವಾರದ ಕೊನೆಗೆ ಅಂದ್ರೆ ಉಳಿಯೋದು ಎರಡೇ ವಾರ. ಹತ್ತು ದಿನದಲ್ಲಿ ಅರ್ಧ, ಐದು ದಿನ. 15 ಅಂದುಕೊಂಡಿದ್ದು ಐದಾಯ್ತು, ಯಾರೂ ಮೋಸ ಮಾಡಿಲ್ಲ! ಕೊನೆಯ ವಾರ ಟೆಸ್ಟರ್ ರಾತ್ರಿ ಹನ್ನೊಂದಕ್ಕೂ ಆಫೀಸಲ್ಲೇ ಕೂತಿರ್ತಾರೆ, ನಾವು 'ಟೆಸ್ಟಿಂಗ್ ಲೇಟ್' ಅಂತ ಬೈತೀವಿ.

ಹಾಗಾಗಿ ಭಾಷಣದಲ್ಲಿ ಬರಬೇಕಾದ ವಾಕ್ಯ ಇದು: "ಎರಡನೇ ವಾರದ ಶುಕ್ರವಾರ ಟೆಸ್ಟರ್ ಕೈಗೆ ಮೊದಲ ತುಂಡು ಹೋಗಬೇಕು. ಯುಪಿಐನಲ್ಲಿ ಕಟ್ಟಿದ, ಪೂರ್ತಿ ಕ್ಯಾನ್ಸಲ್ ಆದ ಆರ್ಡರ್ ಮಾತ್ರ. ಕಾರ್ಡು, ಅರ್ಧ ರಿಟರ್ನ್ ಎಲ್ಲ ಆಮೇಲೆ."

ಅಕೌಂಟ್ಸ್‌ನವರ ಕ್ಯಾಲೆಂಡರ್ ಇನ್ನೂ ಬಿಗಿ. ತಿಂಗಳ ಮೊದಲ ದಿನಗಳಲ್ಲಿ ಲೆಕ್ಕ ಮುಗಿಸೋ ಗಡಿಬಿಡಿ, ತಿಂಗಳಿಗೊಮ್ಮೆ ಜಿಎಸ್‌ಟಿ ಕಟ್ಟೋ ಕಂಪನಿಗಳಿಗೆ 11ಕ್ಕೆ ಒಂದು ರಿಟರ್ನು, 20ಕ್ಕೆ ಇನ್ನೊಂದು. ಮಾರಿದ ವಸ್ತು ವಾಪಸ್ ಬಂದು ರೀಫಂಡ್ ಆದರೆ ಅದಕ್ಕೆ ಕ್ರೆಡಿಟ್ ನೋಟ್ ಮಾಡಬೇಕು, ಅದು ರಿಟರ್ನಿನಲ್ಲೂ ಕಾಣಿಸಬೇಕು. ಇದು ಡೆವಲಪರ್‌ಗೆ ಗೊತ್ತಿರಲ್ಲ, ಗೊತ್ತಿರಬೇಕು ಅಂತಲೂ ಇಲ್ಲ. 9ನೇ ತಾರೀಕು ಡೆಮೊ ಇಟ್ಟು 'ಅಕೌಂಟ್ಸ್‌ನವರು ಸಹಕರಿಸ್ತಿಲ್ಲ' ಅನ್ನೋ ಮ್ಯಾನೇಜರ್‌ಗೆ ಮಾತ್ರ ಗೊತ್ತಿರಲೇಬೇಕಿತ್ತು.

ಈಗ ಜಗಳದ ವಿಷಯ. ಸಪೋರ್ಟ್‌ನವರಿಗೆ ರೀಫಂಡ್ ಆ ಕ್ಷಣಕ್ಕೇ ಹೋಗಬೇಕು, ಫೋನಲ್ಲಿ ಬೈಸಿಕೊಳ್ಳೋರು ಅವರು ತಾನೆ. ಅಕೌಂಟ್ಸ್‌ನವರಿಗೆ ಪ್ರತಿಯೊಂದಕ್ಕೂ ಒಪ್ಪಿಗೆ ಬೇಕು, ಆಡಿಟ್‌ನಲ್ಲಿ ಉತ್ತರ ಕೊಡೋರು ಅವರು. ಇಬ್ಬರೂ ಸರಿ. 'ಎಲ್ರೂ ಕೂತು ಮಾತಾಡಿ ನಿರ್ಧರಿಸೋಣ' ಅಂತ ಭಾಷಣದಲ್ಲಿ ಹೇಳಿದ್ರೆ ಐದನೇ ವಾರದಲ್ಲೂ ಕೂತು ಮಾತಾಡ್ತಾನೇ ಇರ್ತೀರಿ. ಅದರ ಬದಲು ಇಬ್ಬರ ಬಾಸ್‌ಗಳನ್ನೂ ಮೊದಲೇ ಕೇಳಿಕೊಂಡು ಬಂದು ಹೀಗೆ ಹೇಳಿ: "2,000 ರೂಪಾಯಿವರೆಗೆ ಸಪೋರ್ಟ್‌ನವರ ಮಾತು. ಅದಕ್ಕಿಂತ ಹೆಚ್ಚಾದ್ರೆ ಅಕೌಂಟ್ಸ್‌ನವರದು. ಒಂದು ದಿನದೊಳಗೆ ಅವರು ಉತ್ತರ ಕೊಡದಿದ್ರೆ ನನ್ನ ಹತ್ರ ಬರಲಿ." ಮೊತ್ತ ಎಷ್ಟು ಅನ್ನೋದು ನಿಮ್ಮ ನಿಮ್ಮ ವ್ಯಾಪಾರಕ್ಕೆ ಬಿಟ್ಟದ್ದು. ಗೆರೆ ಇರಬೇಕು, ಅಷ್ಟೇ.

ಕೊನೆಗೆ ಮಾತು ನಿಲ್ಲಿಸಿ, ಅವರ ಕೈಗೆ ಪೆನ್ನು ಕೊಡಿ. ಗ್ಯಾರಿ ಕ್ಲೈನ್ ಅನ್ನೋ ಮನಶ್ಶಾಸ್ತ್ರಜ್ಞ 2007ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ 'ಪ್ರೀಮಾರ್ಟಮ್' ಅನ್ನೋ ಪದ್ಧತಿ ಇದು. "ಆರು ವಾರ ಕಳೆದಿದೆ, ಪ್ರಾಜೆಕ್ಟ್ ಮುಳುಗಿ ಹೋಗಿದೆ. ಯಾಕೆ ಮುಳುಗ್ತು, ಬರೀರಿ." ಕೆಲವು ನಿಮಿಷ ಎಲ್ಲರೂ ಸುಮ್ಮನೆ ಬರೀಬೇಕು, ಆಮೇಲೆ ಒಬ್ಬೊಬ್ಬರೇ ಒಂದೊಂದು ಕಾರಣ ಓದಬೇಕು. 'ಏನಾದ್ರೂ ಡೌಟ್ ಇದೆಯಾ?' ಅಂದ್ರೆ ತಲೆ ತಗ್ಗಿಸೋ ಹೊಸ ಹುಡುಗಿ, ಮುಳುಗಿಯಾಗಿದೆ ಅಂದ್ಮೇಲೆ ಧೈರ್ಯವಾಗಿ ಬರೀತಾಳೆ: 'ಪೇಮೆಂಟ್ ಕಂಪನಿಯ ಟೆಸ್ಟ್ ಅಕೌಂಟ್ ನಮಗೆ ಸಿಗಲೇ ಇಲ್ಲ.' ಅವತ್ತೇ ಅರ್ಜಿ ಹಾಕಬಹುದು ನೋಡಿ.

ಒಂದು ಎಚ್ಚರ. ಮ್ಯಾನೇಜರೇ ಮೊದಲು ಓದಿದ್ರೆ ಕೆಟ್ಟಿತು, ಮಿಕ್ಕವರ ಚೀಟಿಯಲ್ಲೂ ಅದೇ ಕಾರಣ ಬರುತ್ತೆ. ಅವರದು ಕೊನೆಗೆ. ಓದಿದ್ದೆಲ್ಲ ಅವತ್ತು ಸಂಜೆಯೊಳಗೆ ಮೇಲ್ ಆಗಿ, ಆ ಎರವಲು ಕೊಟ್ಟ ಬಾಸ್‌ಗಳಿಗೂ ಹೋಗಬೇಕು.

ನಿಮ್ಮ ಆಫೀಸಿನ ಕಿಕಾಫ್‌ನಲ್ಲಿ ಟೆಸ್ಟರ್‌ಗೆ ಎಷ್ಟು ದಿನ ಅಂತ ಹೇಳಿದ್ರು, ಕೊನೆಗೆ ಎಷ್ಟು ಸಿಕ್ತು? ಕೆಳಗೆ ಬರೀರಿ.

#ಆಫೀಸುಪುರಾಣ #ಕಿಕಾಫ್